ದುಡ್ಡು ಸಿಕ್ಕಿಹಾಕಿಕೊಂಡ ದಿನ ಯಾವ ಆ್ಯಪ್ ಕೈ ಹಿಡಿಯುತ್ತೆ?

ಶನಿವಾರ ಸಂಜೆ ಏಳು ಗಂಟೆ. ದಾವಣಗೆರೆಯ ಒಂದು ಮೆಡಿಕಲ್ ಶಾಪ್. ಅಮ್ಮನ ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲಾ ಸೇರಿ ಬಿಲ್ಲು 1,260 ರೂಪಾಯಿ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಬ್ಯಾಂಕಿನ ಎಸ್ಸೆಮ್ಮೆಸ್ ಬಂತು, ಖಾತೆಯಿಂದ 1,260 ಹೋಗಿದೆ ಅಂತ. ಆದರೆ ಕೌಂಟರ್ ಮೇಲಿನ ಸೌಂಡ್‌ಬಾಕ್ಸ್ ಬಾಯಿ ಬಿಡಲಿಲ್ಲ. "ಬಂದಿಲ್ಲ ಸಾರ್, ಇನ್ನೊಂದ್ಸಲ ಹಾಕಿ" ಎಂದ ಹುಡುಗ. ನನ್ನ ಹಿಂದೆ ಐದಾರು ಜನ. ಇನ್ನೊಂದು ಸಲ ಹಾಕಲಿಲ್ಲ, ಜೇಬಲ್ಲಿದ್ದ ನೋಟು ಎಣಿಸಿ ಕೊಟ್ಟು ಬಂದೆ.

ಆ ದುಡ್ಡು ವಾಪಸ್ ಬರಲು ಏಳು ದಿನ ಹಿಡಿಯಿತು. ಆ ಏಳು ದಿನದಲ್ಲಿ ಪೇಮೆಂಟ್ ಆ್ಯಪ್‌ಗಳ ಬಗ್ಗೆ ಕಲಿತಷ್ಟು ಅದಕ್ಕೆ ಮುಂಚಿನ ಏಳು ವರ್ಷದಲ್ಲಿ ಕಲಿತಿರಲಿಲ್ಲ. ಎಲ್ಲವೂ ಸರಿಯಾಗಿರುವ ದಿನ ಎಲ್ಲಾ ಆ್ಯಪ್ ಒಂದೇ. ಸ್ಕ್ಯಾನ್, ಮೊತ್ತ, ಪಿನ್, ಟಿಂಗ್. ವ್ಯತ್ಯಾಸ ಗೊತ್ತಾಗುವುದು ದುಡ್ಡು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಾಗ. ಹಾಗಾಗಿ ಈ ಹೋಲಿಕೆಯನ್ನು ಆ ಕಡೆಯಿಂದಲೇ ಮಾಡುತ್ತೇನೆ. ಕ್ಯಾಶ್‌ಬ್ಯಾಕ್, ಸ್ಕ್ರ್ಯಾಚ್ ಕಾರ್ಡ್ ವಿಷಯ ಇಲ್ಲಿಲ್ಲ.

ನಿಮ್ಮ ಆ್ಯಪ್ ಹಿಂದೆ ಯಾರಿದ್ದಾರೆ

ಯುಪಿಐ ಆ್ಯಪ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಫೋನ್‌ಪೇ, ಗೂಗಲ್ ಪೇ, ಪೇಟಿಎಂ ಥರದ ಕಂಪನಿ ಆ್ಯಪ್‌ಗಳು ಒಂದು ಗುಂಪು. ನಿಮ್ಮ ಬ್ಯಾಂಕೇ ಕೊಡುವ ಆ್ಯಪ್ ಇನ್ನೊಂದು. ಯುಪಿಐ ನಡೆಸುವ ಎನ್‌ಪಿಸಿಐ ಬಳಗದ ಭೀಮ್ ಮೂರನೆಯದು. ಇದು 2016ರ ಡಿಸೆಂಬರ್ 30ರಂದು ಬಂದದ್ದು.

ಕಂಪನಿ ಆ್ಯಪ್ ಯಾವುದೂ ಯುಪಿಐನಲ್ಲಿ ನಿಮ್ಮ ದುಡ್ಡನ್ನು ಮುಟ್ಟುವುದಿಲ್ಲ. ದುಡ್ಡು ನಿಮ್ಮ ಬ್ಯಾಂಕಿನಿಂದ ಅಂಗಡಿಯವರ ಬ್ಯಾಂಕಿಗೆ ಹೋಗುತ್ತದೆ. ಆ್ಯಪ್ ಬರೀ ಕೇಳುವ ಕಿಟಕಿ. ಆ ಕಿಟಕಿಗೂ ಒಂದು ಬ್ಯಾಂಕಿನ ಆಸರೆ ಬೇಕು. ಯಾವ ಬ್ಯಾಂಕು ಅಂತ ನಿಮ್ಮ ಯುಪಿಐ ಐಡಿಯ ಬಾಲ ನೋಡಿದರೆ ಗೊತ್ತಾಗುತ್ತದೆ. ಫೋನ್‌ಪೇಯಲ್ಲಿ `@ybl` ಇದ್ದರೆ ಯೆಸ್ ಬ್ಯಾಂಕ್, `@axl` ಇದ್ದರೆ ಆಕ್ಸಿಸ್. ಗೂಗಲ್ ಪೇಯಲ್ಲಿ `@oksbi` ಇದ್ದರೆ ಸ್ಟೇಟ್ ಬ್ಯಾಂಕ್. ನಿಮ್ಮ ಖಾತೆ ಕೆನರಾ ಬ್ಯಾಂಕಿನಲ್ಲಿದ್ದರೂ ಬಾಲದಲ್ಲಿ ಬೇರೆ ಬ್ಯಾಂಕ್ ಇರಬಹುದು.

ಅಂದರೆ ಒಂದು ಪೇಮೆಂಟ್‌ನಲ್ಲಿ ಆ್ಯಪ್ ಕಂಪನಿ, ಅದರ ಆಸರೆ ಬ್ಯಾಂಕ್, ನಿಮ್ಮ ಬ್ಯಾಂಕ್, ಅಂಗಡಿಯ ಬ್ಯಾಂಕ್, ಮಧ್ಯದಲ್ಲಿ ಎನ್‌ಪಿಸಿಐ, ಹೀಗೆ ಐದು ಮನೆ. ಎಲ್ಲಿ ಬೇಕಾದರೂ ಕೈ ಕೊಡಬಹುದು. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲೇ ಕಟ್ಟಿದರೆ ಮೊದಲ ಮೂರು ಮನೆ ಒಂದೇ ಆಗುತ್ತದೆ. ಇದು ಸಣ್ಣ ವಿಷಯ ಅಲ್ಲ. ದೂರು ಕೊಟ್ಟಾಗ "ಅದು ಅವರ ಕಡೆ ತೊಂದರೆ" ಅಂತ ಕೈ ತೋರಿಸಲು ಇಬ್ಬರು ಕಡಿಮೆಯಾಗುತ್ತಾರೆ.

ಇನ್ನೊಂದು ಮಾತು. ಪೇಮೆಂಟ್ ಪದೇ ಪದೇ ಫೇಲ್ ಆದರೆ ಜನ ಮೊದಲು ಆ್ಯಪ್ ಬದಲಾಯಿಸುತ್ತಾರೆ. ಎಷ್ಟೋ ಸಲ ತಪ್ಪು ಆ್ಯಪ್‌ನದಲ್ಲ, ಅದಕ್ಕೆ ಜೋಡಿಸಿದ ಖಾತೆಯ ಬ್ಯಾಂಕಿನದು. ಎನ್‌ಪಿಸಿಐ ತನ್ನ ವೆಬ್‌ಸೈಟಿನಲ್ಲಿ ತಿಂಗಳು ತಿಂಗಳೂ ಬ್ಯಾಂಕುವಾರು ಲೆಕ್ಕ ಹಾಕುತ್ತದೆ. ಅದರಲ್ಲಿ ಎರಡು ಅಂಕಿ ಇರುತ್ತವೆ. ಪಿನ್ ತಪ್ಪು, ಬ್ಯಾಲೆನ್ಸ್ ಸಾಲದು, ಮಿತಿ ಮೀರಿತು ಎಂಬಂಥ ಕಾರಣಕ್ಕೆ ಬಿದ್ದವು ಬಿಸಿನೆಸ್ ಡಿಕ್ಲೈನ್. ಬ್ಯಾಂಕಿನ ಸರ್ವರ್ ಅಥವಾ ನೆಟ್‌ವರ್ಕ್ ಕೈಕೊಟ್ಟು ಬಿದ್ದವು ಟೆಕ್ನಿಕಲ್ ಡಿಕ್ಲೈನ್. ಎರಡನೆಯ ಅಂಕಿಯಲ್ಲಿ ನಿಮ್ಮ ಬ್ಯಾಂಕ್ ಬೇರೆಯವರಿಗಿಂತ ಜಾಸ್ತಿ ಇದ್ದರೆ ಆ್ಯಪ್ ಬದಲಿಸಿ ಪ್ರಯೋಜನವಿಲ್ಲ. ಅದೇ ಆ್ಯಪ್‌ಗೆ ಇನ್ನೊಂದು ಬ್ಯಾಂಕಿನ ಖಾತೆ ಜೋಡಿಸಿ ನೋಡಿ.

ಬಳಸಲು ಯಾವುದು ಸುಲಭ

ಇದರಲ್ಲಿ ಕಂಪನಿ ಆ್ಯಪ್‌ಗಳೇ ಮುಂದು, ಅನುಮಾನವಿಲ್ಲ. ತೆರೆದ ತಕ್ಷಣ ಸ್ಕ್ಯಾನರ್, ಹಳೇ ಸಂಪರ್ಕಗಳು ಎದುರಿಗೇ ಇರುತ್ತವೆ. ಬ್ಯಾಂಕ್ ಆ್ಯಪ್ ತೆರೆದರೆ ಮೊದಲು ಲಾಗಿನ್ ಪಿನ್. ಆಮೇಲೆ ಎಫ್‌ಡಿ, ಸಾಲ, ವಿಮೆಗಳ ನಡುವೆ ಯುಪಿಐ ಎಲ್ಲಿದೆ ಅಂತ ಹುಡುಕಬೇಕು. ಕೊನೆಗೆ ಮತ್ತೆ ಯುಪಿಐ ಪಿನ್. ಎರಡು ಪಿನ್ ಬೇರೆ ಬೇರೆ ಅನ್ನುವುದು ವಯಸ್ಸಾದವರಿಗೆ ದೊಡ್ಡ ತಲೆನೋವು. ಒಂದರ ಜಾಗದಲ್ಲಿ ಇನ್ನೊಂದನ್ನು ಮೂರು ಸಲ ಒತ್ತಿ ಲಾಕ್ ಮಾಡಿಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ.

ಕಂಪನಿ ಆ್ಯಪ್‌ಗಳ ಗೋಳು ಇನ್ನೊಂದು ಥರ. ಚಿನ್ನ ಕೊಳ್ಳಿ, ಸಾಲ ತಗೊಳ್ಳಿ, ವಿಮೆ ಮಾಡಿಸಿ ಅಂತ ಪರದೆ ತುಂಬಾ ಸಂತೆ. ಮೊಬೈಲ್ ರೀಚಾರ್ಜ್ ಮಾಡಿದರೆ ಕೆಲವು ಆ್ಯಪ್ ಒಂದೆರಡು ರೂಪಾಯಿ ಪ್ಲಾಟ್‌ಫಾರ್ಮ್ ಫೀ ಅಂತ ಸೇರಿಸುತ್ತವೆ. ಪಿನ್ ಒತ್ತುವ ಮುಂಚೆ ಒಟ್ಟು ಮೊತ್ತ ನೋಡಿ. ಭೀಮ್ ಈ ಎರಡರ ನಡುವೆ ನಿಲ್ಲುತ್ತದೆ. ಸಪ್ಪೆ, ಆದರೆ ಗಲಾಟೆ ಕಡಿಮೆ.

ಕನ್ನಡ ಎಲ್ಲ ದೊಡ್ಡ ಆ್ಯಪ್‌ಗಳಲ್ಲೂ ಇದೆ. ಆದರೆ ಮೊದಲ ಪರದೆ ನೋಡಿ ಮಾರುಹೋಗಬೇಡಿ. ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ ಹಳೇ ಪೇಮೆಂಟ್ ಒಂದನ್ನು ತೆರೆಯಿರಿ, ಅಲ್ಲಿಂದ ಸಹಾಯದ ಪುಟಕ್ಕೆ ಹೋಗಿ. ಎಷ್ಟು ದೂರದವರೆಗೆ ಕನ್ನಡ ಜೊತೆಗೆ ಬರುತ್ತದೆ ನೋಡಿ. ಪೇಮೆಂಟ್ ಫೇಲ್ ಆದಾಗ ಬರುವ ವಾಕ್ಯ ನಿಮ್ಮ ಅಮ್ಮನಿಗೆ ಅರ್ಥವಾಗುತ್ತಾ ಅನ್ನುವುದೇ ಪರೀಕ್ಷೆ. ಮುಖಪುಟದಲ್ಲಿ "ಹಣ ಕಳುಹಿಸಿ" ಅಂತ ಬರೆದುಬಿಟ್ಟರೆ ಆಯಿತಾ?

ಪರದೆ ಹೇಳುವ ಮೂರು ಮಾತು

ಮೆಡಿಕಲ್ ಶಾಪಿಗೆ ವಾಪಸ್ ಬರೋಣ. ದುಡ್ಡು ಕಡಿತವಾಗಿ ಅಂಗಡಿಗೆ ಸೇರದಿದ್ದರೆ ಪರದೆ ಮೂರರಲ್ಲಿ ಒಂದು ಮಾತು ಹೇಳುತ್ತದೆ. ಪೆಂಡಿಂಗ್, ಫೇಲ್, ಇಲ್ಲವೇ ಸಕ್ಸಸ್. ಮೂರಕ್ಕೂ ನಾವು ಮಾಡಬೇಕಾದ್ದು ಬೇರೆ ಬೇರೆ.

ಪೆಂಡಿಂಗ್ ಅಂದರೆ ಅಂಗಡಿಯ ಬ್ಯಾಂಕಿನಿಂದ ಉತ್ತರ ಬಂದಿಲ್ಲ. ದುಡ್ಡು ಅಲ್ಲಿಗೆ ಹೋಗಲೂಬಹುದು, ವಾಪಸ್ ಬರಲೂಬಹುದು. ಈಗ ಇನ್ನೊಂದು ಸಲ ಹಾಕಿದರೆ ಎರಡೂ ಸೇರುವ ಅಪಾಯ ಇದೆ. ಸ್ವಲ್ಪ ಕಾಯಿರಿ. ರಿಫ್ರೆಶ್ ಮೇಲೆ ರಿಫ್ರೆಶ್ ಒತ್ತಿ ಪ್ರಯೋಜನವಿಲ್ಲ. 2025ರ ಆಗಸ್ಟ್‌ನಿಂದ ಒಂದು ಪೇಮೆಂಟಿನ ಸ್ಥಿತಿಯನ್ನು ಆ್ಯಪ್ ಮೂರೇ ಸಲ ಕೇಳಬಹುದು, ಪ್ರತಿ ಸಲದ ನಡುವೆ 90 ಸೆಕೆಂಡ್ ಬಿಡಬೇಕು ಎಂಬ ನಿಯಮ ಬಂದಿದೆ. ಆ ವರ್ಷದ ಏಪ್ರಿಲ್ 12ರಂದು ದೇಶದ ತುಂಬಾ ಯುಪಿಐ ನಿಂತುಹೋಗಿತ್ತು, ನೆನಪಿದೆಯಾ? "ಏನಾಯಿತು, ಏನಾಯಿತು" ಎಂಬ ಈ ಕೇಳಿಕೆಗಳೇ ಗೇಟಿನಲ್ಲಿ ತುಂಬಿಕೊಂಡದ್ದು ಅದಕ್ಕೆ ಒಂದು ಕಾರಣವಾಗಿತ್ತು.

ಫೇಲ್ ಅಂತ ಬಂದು ದುಡ್ಡೂ ಹೋಗಿದ್ದರೆ ಅದು ತಾನಾಗಿ ವಾಪಸ್ ಬರಬೇಕು. ಯಾವಾಗ ಅನ್ನುವುದಕ್ಕೆ ನಿಯಮ ಇದೆ, ಮುಂದೆ ಹೇಳುತ್ತೇನೆ.

ಮೂರನೆಯದೇ ಎಲ್ಲಕ್ಕಿಂತ ಕಿರಿಕಿರಿ. ನಿಮ್ಮಲ್ಲಿ ಸಕ್ಸಸ್, ಹಸಿರು ಟಿಕ್. ಅವರಲ್ಲಿ ಏನೂ ಇಲ್ಲ. ಹಸಿರು ಟಿಕ್ ತೋರಿಸಿ ವಾದ ಮಾಡಿ ಪ್ರಯೋಜನವಿಲ್ಲ, ನಕಲಿ ಟಿಕ್ ತೋರಿಸುವ ಆ್ಯಪ್‌ಗಳಿಂದ ಅಂಗಡಿಯವರೂ ಮೋಸಹೋಗಿರುತ್ತಾರೆ. ಇಲ್ಲಿ ಕೆಲಸಕ್ಕೆ ಬರುವುದು ಯುಟಿಆರ್ ಅನ್ನುವ 12 ಅಂಕಿಯ ನಂಬರ್. ಕೆಲವು ಕಡೆ ಆರ್‌ಆರ್‌ಎನ್ ಅಂತಲೂ ಇರುತ್ತದೆ. ಐದು ಮನೆಯಲ್ಲೂ ಆ ಪೇಮೆಂಟನ್ನು ಹುಡುಕುವುದು ಈ ನಂಬರಿನಿಂದಲೇ. ಅಂಗಡಿಯವರು ತಮ್ಮ ಖಾತೆಯಲ್ಲಿ ಅದೇ ನಂಬರ್ ಹುಡುಕಿದರೆ ಮಾತು ಮುಗಿಯಿತು. ಸಾಮಾನ್ಯವಾಗಿ ದುಡ್ಡು ಬಂದೇ ಇರುತ್ತದೆ, ಸೌಂಡ್‌ಬಾಕ್ಸಿಗೆ ನೆಟ್‌ವರ್ಕ್ ಇರುವುದಿಲ್ಲ.

ಹಾಗಾಗಿ ಆ್ಯಪ್ ಆರಿಸುವಾಗ ನನ್ನ ಮೊದಲ ಪ್ರಶ್ನೆ ಇದು. ಪೇಮೆಂಟ್ ತೆರೆದಾಗ ಯುಟಿಆರ್ ಎದುರಿಗೆ ಕಾಣುತ್ತದೆಯೋ, ಎಲ್ಲೋ ಒಳಗೆ ಹುದುಗಿದೆಯೋ? ಅದರ ಪಕ್ಕದಲ್ಲಿ ಕಾಪಿ ಮಾಡುವ ಗುರುತು ಇದೆಯೋ? ಕೆಲವು ಆ್ಯಪ್ ತನ್ನದೇ ಉದ್ದದ ಟ್ರ್ಯಾನ್ಸಾಕ್ಷನ್ ಐಡಿಯನ್ನು ದಪ್ಪಕ್ಷರದಲ್ಲಿ ತೋರಿಸುತ್ತದೆ. ಅದು ಬ್ಯಾಂಕಿನವರಿಗೆ ಉಪಯೋಗವಿಲ್ಲ. ನಾನು ಮೊದಲ ದಿನ ಅದನ್ನೇ ಬರೆದುಕೊಂಡು ಬ್ಯಾಂಕಿಗೆ ಹೋಗಿ ಪೆಚ್ಚಾಗಿ ವಾಪಸ್ ಬಂದೆ.

ಏಳು ದಿನದ ಲೆಕ್ಕ

ನನ್ನ ಪೇಮೆಂಟ್ ಶನಿವಾರ ರಾತ್ರಿ ಹನ್ನೊಂದರವರೆಗೆ ಪೆಂಡಿಂಗ್ ಇತ್ತು. ಆಮೇಲೆ ಫೇಲ್ ಆಯಿತು. ಕೆಳಗೆ ಒಂದು ಸಾಲು: "5ರಿಂದ 7 ಕೆಲಸದ ದಿನಗಳಲ್ಲಿ ಹಣ ಮರಳುತ್ತದೆ."

ಆರ್‌ಬಿಐ ನಿಯಮ ಹೀಗೆ ಹೇಳುವುದಿಲ್ಲ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ ಯುಪಿಐನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ದುಡ್ಡು ಸೇರದಿದ್ದರೆ ಮಾರನೇ ದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕಟ್ಟಿದ್ದು ದೃಢವಾಗದಿದ್ದರೆ ಐದು ದಿನದೊಳಗೆ ಬರಬೇಕು. ಅದು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಗ್ರಾಹಕ ಕೇಳದಿದ್ದರೂ ಅದನ್ನು ಕೊಡಬೇಕು. ದಿನ ಅಂದರೆ ಕ್ಯಾಲೆಂಡರ್ ದಿನ. ಭಾನುವಾರ, ಹಬ್ಬ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. "ಕೆಲಸದ ದಿನ" ಅನ್ನುವುದು ಆ್ಯಪ್‌ನವರ ಸೇರ್ಪಡೆ.

ಈಗ ಎಣಿಸಿ. ಶನಿವಾರ ಪೇಮೆಂಟ್ ದಿನ. ಅದಕ್ಕೆ ಐದು ಸೇರಿಸಿದರೆ ಗುರುವಾರ. ನನ್ನ ದುಡ್ಡು ಬಂದದ್ದು ಮುಂದಿನ ಶನಿವಾರ. ಎರಡು ದಿನ ತಡ, ಅಂದರೆ 200 ರೂಪಾಯಿ. ಬಂದ ದುಡ್ಡು ಪಾಸ್‌ಬುಕ್ಕಿನಲ್ಲಿ ಬೇರೆಯೇ ಸಾಲಾಗಿ ಕೂತಿತ್ತು. ಅದರಲ್ಲಿ `REV` ಅನ್ನುವ ಅಕ್ಷರ, ಜೊತೆಗೆ ಅದೇ 12 ಅಂಕಿ. ಆ್ಯಪ್‌ನಲ್ಲಿ ಮಾತ್ರ ಇನ್ನೂ "ಮರಳುತ್ತದೆ" ಎಂಬ ಸಾಲೇ ಇತ್ತು. ವಾಪಸ್ ಬಂತಾ ಅಂತ ನೋಡುವುದಾದರೆ ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್ ನೋಡಿ, ಆ್ಯಪ್ ಹೇಳುವುದನ್ನು ಕಾಯುತ್ತಾ ಕೂರಬೇಡಿ.

ಆ 200 ರೂಪಾಯಿ ತಾನಾಗಿ ಬರಲಿಲ್ಲ. ಬ್ಯಾಂಕಿಗೆ ಮೇಲ್ ಬರೆದೆ. ಆ್ಯಪ್‌ನವರನ್ನು ಕೇಳಿ ಎಂಬ ಉತ್ತರ ಬಂತು. ಎರಡನೇ ಮೇಲ್‌ನಲ್ಲಿ ಯುಟಿಆರ್, ಕಡಿತವಾದ ದಿನ, ವಾಪಸ್ ಬಂದ ದಿನ, ಸುತ್ತೋಲೆಯ ತಾರೀಕು ಇಷ್ಟನ್ನೇ ನಾಲ್ಕು ಸಾಲಲ್ಲಿ ಬರೆದೆ. ಹನ್ನೆರಡು ದಿನದ ಮೇಲೆ ಖಾತೆಗೆ 200 ಬಿತ್ತು. ಉದ್ದದ ಸಿಟ್ಟಿನ ಮೇಲ್‌ಗಿಂತ ನಾಲ್ಕು ಸಾಲಿಗೆ ಬೆಲೆ ಜಾಸ್ತಿ.

ಒಂದು ಎಚ್ಚರ. ಈ ನಿಯಮ ಫೇಲ್ ಆದ ಪೇಮೆಂಟಿಗೆ ಮಾತ್ರ. ನೀವೇ ತಪ್ಪು ನಂಬರಿಗೆ ಕಳಿಸಿ ಅದು ಸಕ್ಸಸ್ ಆಗಿದ್ದರೆ ತಾನಾಗಿ ವಾಪಸ್ ಬರುವುದಿಲ್ಲ. ದೂರು ಕೊಡಬಹುದು, ಆದರೆ ಪಡೆದವರು ಒಪ್ಪಬೇಕಾಗುತ್ತದೆ. ಪಿನ್ ಒತ್ತುವ ಮುಂಚೆ ಪರದೆಯಲ್ಲಿ ಕಾಣುವ ಹೆಸರು ಓದುವುದೊಂದೇ ದಾರಿ. ಆ ಹೆಸರನ್ನು ದೊಡ್ಡದಾಗಿ ತೋರಿಸುವ ಆ್ಯಪ್‌ಗೆ ನನ್ನ ಲೆಕ್ಕದಲ್ಲಿ ಒಂದು ಅಂಕ ಜಾಸ್ತಿ.

ದೂರು ಯಾರ ಬಳಿ

ಕ್ರಮ ಹೀಗಿದೆ. ಮೊದಲು ಪೇಮೆಂಟ್ ಮಾಡಿದ ಆ್ಯಪ್‌ನಲ್ಲೇ ದೂರು. ಅಲ್ಲಿ ಆಗದಿದ್ದರೆ ಅದರ ಆಸರೆ ಬ್ಯಾಂಕ್, ಆಮೇಲೆ ನಿಮ್ಮ ಬ್ಯಾಂಕ್, ಆಮೇಲೆ ಎನ್‌ಪಿಸಿಐ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನ್ನಿಸದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ. `cms.rbi.org.in` ನಲ್ಲಿ ಬರೆಯಬಹುದು, ಖರ್ಚಿಲ್ಲ. ಹೇಗೆ ಬರೆಯುವುದು ಅಂತ ಕೇಳಲು 14448ಕ್ಕೆ ಫೋನ್ ಮಾಡಬಹುದು.

ನಾನು ಮೊದಲು ಆ್ಯಪ್‌ನ ಚಾಟ್‌ನಲ್ಲಿ ಕೂತೆ. ಮೊದಲೇ ಬರೆದಿಟ್ಟ ಉತ್ತರಗಳು ಒಂದಾದ ಮೇಲೊಂದು ಬಂದವು. ಕಂಪನಿ ಆ್ಯಪ್‌ಗಳಲ್ಲಿ ದೂರು ಹಾಕುವುದು ಸಲೀಸು, ಮನುಷ್ಯರ ದನಿ ಕೇಳುವುದು ಕಷ್ಟ. ಬ್ಯಾಂಕ್ ಆ್ಯಪ್‌ನಲ್ಲಿ ಉಲ್ಟಾ. ದೂರಿನ ಬಟನ್ ಹುಡುಕುವುದೇ ಒಂದು ಕೆಲಸ, ಆದರೆ ಊರಲ್ಲಿ ಒಂದು ಶಾಖೆ ಇರುತ್ತದೆ, ಹೋಗಿ ಕೌಂಟರ್ ಮುಂದೆ ನಿಲ್ಲಬಹುದು. ನಿಂತಾಗ ಬಾಯಿಮಾತಿನಲ್ಲಿ ಹೇಳಿ ಬಂದರೆ ಪ್ರಯೋಜನವಿಲ್ಲ. ಬರೆದುಕೊಟ್ಟು ದೂರಿನ ನಂಬರ್ ಕೇಳಿ. 30 ದಿನದ ಲೆಕ್ಕ ಶುರುವಾಗುವುದು ಅಲ್ಲಿಂದ.

ಇಲ್ಲೇ ಇನ್ನೊಂದು ಹಳ್ಳ ಇದೆ. ಚಾಟ್ ಸಾಕಾಗಿ ಜನ ಗೂಗಲ್‌ನಲ್ಲಿ ಆ್ಯಪ್‌ನ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಸಿಗುವ ನಂಬರ್ ಎಷ್ಟೋ ಸಲ ಕಳ್ಳರದ್ದು. ಅವರು ಮರ್ಯಾದೆಯಿಂದ ಮಾತಾಡುತ್ತಾರೆ, ಸ್ಕ್ರೀನ್ ಶೇರ್ ಮಾಡುವ ಆ್ಯಪ್ ಹಾಕಿಸುತ್ತಾರೆ, ರಿಫಂಡ್ ಬರಲು ಪಿನ್ ಒತ್ತಿ ಅನ್ನುತ್ತಾರೆ. ದುಡ್ಡು ಬರಲು ಯಾವತ್ತೂ ಪಿನ್ ಬೇಡ. 1,260ರ ಬೆನ್ನು ಹತ್ತಿ ಹೋದವರು ಖಾತೆ ಖಾಲಿ ಮಾಡಿಕೊಂಡು ಬಂದಿದ್ದಾರೆ. ಹಾಗೆ ಆಗಿಬಿಟ್ಟರೆ ಗಂಟೆಗಳನ್ನು ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಾಗಾಗಿ ಆರಿಸುವ ಮುಂಚೆಯೇ ಒಂದು ಪರೀಕ್ಷೆ ಮಾಡಿ. ಮನೆಯವರಿಗೆ ಒಂದು ರೂಪಾಯಿ ಕಳಿಸಿ. ಆ ಪೇಮೆಂಟ್ ತೆರೆದು, ದೂರು ಹಾಕುವ ಜಾಗ ತಲುಪಲು ಎಷ್ಟು ಸಲ ಒತ್ತಬೇಕಾಯಿತು ಎಣಿಸಿ. ದೂರು ಹಾಕುವುದು ಬೇಡ, ಜಾಗ ಸಿಕ್ಕರೆ ಸಾಕು. ಆ್ಯಪ್ ಒಳಗೇ ಸಹಾಯವಾಣಿ ನಂಬರ್ ಇದ್ದರೆ ಈಗಲೇ ಫೋನಿನಲ್ಲಿ ಸೇವ್ ಮಾಡಿಡಿ. ಮೂರು ಒತ್ತಿನಲ್ಲಿ ಜಾಗ ಸಿಕ್ಕರೆ ಒಳ್ಳೆಯ ಆ್ಯಪ್. ಸುಮ್ನೆ "ಪದೇ ಪದೇ ಕೇಳುವ ಪ್ರಶ್ನೆಗಳು" ಪುಟದಲ್ಲೇ ಸುತ್ತಾಡಿಸಿದರೆ ಅದನ್ನು ಎರಡನೇ ಆ್ಯಪ್ ಮಾಡಿಕೊಳ್ಳಿ.

ಯಾರಿಗೆ ಯಾವುದು

ದಿನಕ್ಕೆ ಹತ್ತು ಸಲ ಹಾಲು, ತರಕಾರಿ, ಆಟೋ ಅಂತ ಕಟ್ಟುವವರಿಗೆ ಕಂಪನಿ ಆ್ಯಪ್ ಸರಿ. ಅದರಲ್ಲೂ ಯುಪಿಐ ಲೈಟ್ ಹಾಕಿಕೊಳ್ಳಿ. ಅದರಲ್ಲಿ 5,000 ರೂಪಾಯಿವರೆಗೆ ಮೊದಲೇ ಎತ್ತಿಟ್ಟು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕಟ್ಟಬಹುದು. ಪ್ರತಿ ಸಲ ಬ್ಯಾಂಕಿನ ಸರ್ವರ್ ಬಾಗಿಲು ತಟ್ಟಬೇಕಿಲ್ಲ, ಹಾಗಾಗಿ ಸಿಕ್ಕಿಹಾಕಿಕೊಳ್ಳುವುದೂ ಕಡಿಮೆ. ಪಾಸ್‌ಬುಕ್ಕಿನಲ್ಲಿ ಹತ್ತು ರೂಪಾಯಿಯ ಟೀ ಸಾಲುಗಳೂ ತುಂಬುವುದಿಲ್ಲ. ಫೋನ್ ಬದಲಿಸುವ ಮುಂಚೆ ಲೈಟ್ ಮುಚ್ಚಿ ಉಳಿದ ದುಡ್ಡನ್ನು ಖಾತೆಗೆ ತಿರುಗಿಸಿಕೊಳ್ಳಬೇಕು, ಇದನ್ನು ಮರೆಯುವವರೇ ಜಾಸ್ತಿ.

ಬಾಡಿಗೆ, ಫೀಸು, ಸೈಟಿನ ಕಂತು ಥರದ ದೊಡ್ಡ ಮೊತ್ತಕ್ಕೆ ನನ್ನ ಓಟು ಬ್ಯಾಂಕ್ ಆ್ಯಪ್‌ಗೆ. ನಿಧಾನ ಆದರೂ ಸರಿ. ತೊಂದರೆಯಾದರೆ ಒಂದೇ ಬಾಗಿಲು ತಟ್ಟಿದರೆ ಆಯಿತು. ಆದರೆ ಕಟ್ಟುವ ದಿನವೇ ಆ್ಯಪ್ ಹಾಕಿಕೊಳ್ಳಬೇಡಿ. ಹೊಸದಾಗಿ ಯುಪಿಐ ಶುರುಮಾಡಿದ ಅಥವಾ ಫೋನ್ ಬದಲಿಸಿದ ಮೊದಲ 24 ಗಂಟೆ 5,000ದ ಮಿತಿ ಇರುತ್ತದೆ.

ಇಬ್ಬರಿಗೂ ಹೇಳುವುದು, ಎರಡು ಆ್ಯಪ್ ಇರಲಿ, ಅವು ಎರಡು ಬೇರೆ ಬ್ಯಾಂಕಿನ ಖಾತೆಗೆ ಜೋಡಿಯಾಗಿರಲಿ. ಒಂದೇ ಖಾತೆಗೆ ಮೂರು ಆ್ಯಪ್ ಹಾಕಿಕೊಂಡರೆ ಆ ಬ್ಯಾಂಕ್ ಮಲಗಿದ ದಿನ ಮೂರೂ ಮಲಗುತ್ತವೆ.

ಅಮ್ಮನ ಫೋನಿನಲ್ಲಿ ಈಗ ಭೀಮ್ ಇದೆ, ಕನ್ನಡದಲ್ಲಿ. ಅದಕ್ಕೆ ಜೋಡಿಸಿರುವುದು ಪಿಂಚಣಿ ಬರುವ ಖಾತೆಯಲ್ಲ, ಬೇರೆ ಬ್ಯಾಂಕಿನ ಒಂದು ಸಣ್ಣ ಉಳಿತಾಯ ಖಾತೆ. ಅದರಲ್ಲಿ ಎಂಟು ಸಾವಿರಕ್ಕಿಂತ ಜಾಸ್ತಿ ಇಡುವುದಿಲ್ಲ. ಮೊನ್ನೆ ಹೂವಿನವಳಿಗೆ 40 ರೂಪಾಯಿ ಕಟ್ಟುವಾಗ ಪೆಂಡಿಂಗ್ ಅಂತ ಬಂತಂತೆ. ನನಗೆ ಫೋನ್ ಮಾಡಲಿಲ್ಲ. ಹೂವಿನವಳ ಪಕ್ಕದ ಕಟ್ಟೆ ಮೇಲೆ ಐದು ನಿಮಿಷ ಕೂತರಂತೆ, ದುಡ್ಡು ಸೇರಿತಂತೆ, ಎದ್ದು ಬಂದರಂತೆ.